ಕೆಂಪು ಎಂದಷ್ಟೇ ಹೇಳಿದೆ

ನಾನು ನಿಂತಿದ್ದದ್ದು ಮೊಳಕಾಲ್ಮೂರಿನಲ್ಲಿ, ಚಳ್ಳಕೆರೆ ಬಸ್ಸಿಗೆ ಕಾಯುವ ಕಡೆ, ಹೋಟೆಲೊಂದರ ಬಾಗಿಲಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಮುಂಚೆ. ಬಿಸಿಲು ನನ್ನ ಬೆನ್ನಿಗಿದ್ದುದರಿಂದ ರಸ್ತೆ ಚೆನ್ನಾಗಿ ಕಾಣುತ್ತಿತ್ತು.

ನೇಕಾರನೊಬ್ಬ ಮೊಪೆಡ್ಡಿನಲ್ಲಿ, ಬಣ್ಣ ಹಾಕಿಸಿದ ಕೆಂಪು ರೇಷ್ಮೆ ನೂಲಿನ ಲಡಿಗಳನ್ನು ಒಣಹಾಕಲು ಮನೆಗೆ ಒಯ್ಯುತ್ತಿದ್ದ. ಲಡಿಗಳಿಂದ ಇನ್ನೂ ನೀರು ಇಳಿಯುತ್ತಿತ್ತು. ಹಿಂದಕ್ಕೆ ಬರುತ್ತಿದ್ದ ಗೂಡ್ಸ್ ಆಟೋ ಅವನಿಗೆ ತಾಗಿತು. ಬಿದ್ದಾಗ ಅವನ ತಲೆಯ ಎಡಭಾಗ, ಕಿವಿಯ ಮೇಲೆ, ಹೋಟೆಲಿನ ಕಲ್ಲುಮೆಟ್ಟಿಲಿಗೆ ಬಡಿಯಿತು. ಲಡಿಗಳು ಅವನ ಎಡಗೈ ಮೇಲೆ ಬಿದ್ದವು.

"ನರ ಕಟ್ಟಾಗೈತೆ!" ಎಂದು ಹೋಟೆಲಿನವರು ಕೂಗಿ, ತಮ್ಮ ಟವೆಲ್ಲಿನಿಂದ ಆ ತೋಳನ್ನು ಬಿಗಿದು ಕಟ್ಟಿದರು. ಸ್ವಲ್ಪ ಹೊತ್ತಿಗೆ ಬೆರಳುಗಳು ನೀಲಿಗಟ್ಟಿದವು.

"ನೋಡ್ರಿ, ವಿಷ ಏರ್ತೈತೆ!" ಎಂದರು ಯಾರೋ. ಹೋಟೆಲಿನವರು ಇನ್ನೊಂದು ಗಂಟು ಹಾಕಿದರು.

"ಅಣ್ಣಾ, ಕೈ ಕೆಂಪಗೈತೆ, ಗಾಯ ಕಾಣ್ತಿಲ್ಲ," ಎಂದೆ.

"ನೀವೇನು ಡಾಕ್ಟ್ರಾ?"

"ಅಲ್ಲ."

"ಮತ್ತೆ ಸುಮ್ನಿರ್ರಿ."

ಆಟೋ ಚಾಲಕನೇ ನೇಕಾರನನ್ನೂ ಹೋಟೆಲಿನವರನ್ನೂ ನನ್ನನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ನೇಕಾರ ನನ್ನ ತೊಡೆಗೆ ಒರಗಿದ್ದ. "ನನ್ನ ಚಪ್ಲಿ ಎಲ್ಲೈತಣ್ಣ?" ಎಂದ. ಕಾಲಲ್ಲೇ ಐತೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಆಸ್ಪತ್ರೆಯ ಬಾಗಿಲು ಬರುವವರೆಗೂ ಕೇಳುತ್ತಲೇ ಇದ್ದ. ನಡುವೆ ಎರಡು ಸಲ ವಾಂತಿ ಮಾಡಿದ.

ನರ್ಸಮ್ಮ ಟವೆಲ್ ಬಿಚ್ಚಿ ಹತ್ತಿಯಿಂದ ಒರೆಸಿದರು. ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ. ಹತ್ತಿ ಮಾತ್ರ ಮದುವೆ ಸೀರೆಯ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ನಕ್ಕರು.

"ಹಂಗಾದ್ರೆ ಏನೂ ಆಗಿಲ್ಲ ಬಿಡ್ರಿ. ಮನಿಗೆ ಕರ್ಕೊಂಡೋಗಾನ," ಎಂದು ಹೋಟೆಲಿನವರು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ನೇಕಾರ ಎದ್ದು ಚಪ್ಪಲಿ ಕೇಳಿದ.

ಡಾಕ್ಟರೂ ಅಲ್ಲೇ ನಿಂತು ನಗುತ್ತಿದ್ದರು. ಅವರಿಗೆ ಹೇಳಿದೆ: "ಸಾರ್, ಇದಕ್ಕೇನಂತಾರೋ ನನಗೆ ಗೊತ್ತಿಲ್ಲ. ಕಿವಿ ಮೇಲ್ಗಡೆ ಕಲ್ಲಿಗೆ ಬಡೀತು. ರಕ್ತ ಕಾಣ್ಲಿಲ್ಲ. ಆಮೇಲೆ ಎರಡು ಸಲ ವಾಂತಿ. ಕಾಲಾಗಿರೋ ಚಪ್ಲಿನೇ ಕೇಳ್ತಾನೆ."

ಡಾಕ್ಟರು ನಗು ನಿಲ್ಲಿಸಿ, ಅವನ ಕಣ್ಣಿಗೆ ಟಾರ್ಚ್ ಬಿಟ್ಟರು. ಆಮೇಲೆ ಮಲಗಿಸಿ, ಸ್ಕ್ಯಾನಿಗೆಂದು ಆಂಬ್ಯುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು.

ಮಧ್ಯಾಹ್ನ ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇದೆ, "ತಲೆಬುರುಡೆ ಒಡೆದಿದೆ ಅಂತ ಬರ್ಕೊಳ್ಳಲಾ?" ಎಂದು ಕೇಳಿದರು. ಬೇಡ, ಅದನ್ನು ಡಾಕ್ಟರು ಬರೆಯಲಿ, ನಾನು ಕಂಡದ್ದನ್ನು ಬರೆಯಿರಿ ಎಂದೆ. ಮೊಪೆಡ್ಡಿನ ಬಲಗಡೆಯ ಕನ್ನಡಿ ಮುರಿದಿತ್ತು, ಹ್ಯಾಂಡಲ್ ಎಡಕ್ಕೆ ತಿರುಗಿತ್ತು, ಲಡಿಗಳಿಗೆ ಮಣ್ಣು ಹತ್ತಿತ್ತು.

"ರೇಷ್ಮೆ ಹಾಳಾಯ್ತಲ್ಲ?"

"ಮಣ್ಣಾಗೈತೆ ಸಾರ್. ಹಾಳಾಯ್ತೋ ಇಲ್ಲೋ ಬಣ್ಣದವರು ಹೇಳ್ಲಿ."

"ನಿಮ್ಮಂಥ ಸಾಕ್ಷಿ ಇದ್ರೆ ಊಟದ ಹೊತ್ತು ಮೀರ್ತೈತೆ ಕಣ್ರಿ," ಎಂದು ಅವರು ಹಾಗೆಯೇ ಬರೆದುಕೊಂಡರು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತೆಂದು ಚಿತ್ರದುರ್ಗದ ಡಾಕ್ಟರು ಹೇಳಿದ್ದು ಮರುದಿನ ತಿಳಿಯಿತು. ಹೊತ್ತಿಗೆ ಸರಿಯಾಗಿ ಆಪರೇಷನ್ ಆಗಿತ್ತು.

ಅಂದು ನನ್ನ ಜೊತೆ ಇದನ್ನು ಕಂಡವರಲ್ಲಿ ಆಟೋ ಚಾಲಕ ಇದ್ದಾನೆ, ನರ್ಸಮ್ಮ ಇದ್ದಾರೆ. ಹೋಟೆಲಿನವರೂ ಇದ್ದಾರೆ, ಕಟ್ಟಾಗಿದ್ದು ನರವೇ ಎಂದು ಇವತ್ತಿಗೂ ಹೇಳುತ್ತಾರೆ. ನೇಕಾರನೂ ಇದ್ದಾನೆ, ಅವನಿಗೆ ಮಾತ್ರ ಆ ಬೆಳಿಗ್ಗೆಯದು ಏನೂ ನೆನಪಿಲ್ಲ.