ಎರಡು ಸಲ ಬೇಡ ಎಂದ ಮೇಲೆ

ಆ ಆ್ಯಪ್ ನನ್ನ ಕೈಗೆ ಬಂದಾಗ ಅದರ ಮೊದಲ ಪರದೆಯಲ್ಲಿ ಅಧ್ಯಕ್ಷರ ಫೋಟೊ ಇತ್ತು. ಎರಡನೆಯದರಲ್ಲಿ ಸಂಘ ನಡೆದುಬಂದ ದಾರಿ, ಮೂರನೆಯದರಲ್ಲಿ ಧ್ಯೇಯೋದ್ದೇಶ, ನಾಲ್ಕನೆಯದರಲ್ಲಿ ಶುಭ ಹಾರೈಕೆ. ಭತ್ತದ ಕೊಯ್ಲಿಗೆ ಮಷಿನ್ ಬೇಕೇ ಎಂದು ಕೇಳುವ ಹೊತ್ತಿಗೆ ಆರನೆಯ ಪರದೆ ಬಂದಿರುತ್ತಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿಗೆ ಸೇರಿದ ರೈತ ಸಂಘವೊಂದು ಕೊಯ್ಲಿನ ಮಷಿನ್ ಕೊಂಡಿತ್ತು. ಸದಸ್ಯರು ಆ್ಯಪಿನಲ್ಲಿ ಹೆಸರು ಬರೆಸಬೇಕು. ಸರದಿಯ ಹಿಂದಿನ ದಿನ ಫೋನಿಗೆ ಸೂಚನೆ ಬರುತ್ತದೆ. ಸಂಜೆ ಆರರೊಳಗೆ 'ಒಪ್ಪಿದೆ' ಎಂದು ಒತ್ತದಿದ್ದರೆ ಮಷಿನ್ ಮುಂದಿನವರ ಗದ್ದೆಗೆ ಹೋಗುತ್ತದೆ. ಆ್ಯಪ್ ಮಾಡಿದಾತ ಶಿರಸಿಯ ಒಬ್ಬ ಎಂಜಿನಿಯರ್. ಅದರ ಮಾತುಗಳನ್ನು ಚಿಕ್ಕದಾಗಿ, ಆಪ್ತವಾಗಿ, ಕಿರಿಕಿರಿಯಾಗದ ಹಾಗೆ ತಿದ್ದಿಕೊಡುವುದು ನನ್ನ ಕೆಲಸ. ಎಂ.ಎ. ಓದುವಾಗ ಇಂಥ ಕೆಲಸವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಸೂಚನೆ ಹೀಗೆ ಶುರುವಾಗುತ್ತಿತ್ತು: "ಮಾನ್ಯ ಸದಸ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ". ಲಾಕ್ ಆದ ಫೋನಿನ ಮೇಲೆ ಕಾಣುತ್ತಿದ್ದುದು ಇಷ್ಟೇ. ಮಷಿನ್ ಎಂಬ ಮಾತು ಅಲ್ಲಿಂದಾಚೆ, ಯಾರಿಗೂ ಕಾಣದ ಕಡೆ ಇತ್ತು. ನಾನು ಅದನ್ನು "ನಾಳೆ ಬೆಳಿಗ್ಗೆ ಎಂಟಕ್ಕೆ ಮಷಿನ್ ನಿಮ್ಮ ಗದ್ದೆಗೆ" ಎಂದು ಮಾಡಿದೆ. ದಿನಾ ಬೆಳಿಗ್ಗೆ ಹೋಗುತ್ತಿದ್ದ ಶುಭೋದಯವನ್ನು ನಿಲ್ಲಿಸಿದೆ. ಆರು ಪರದೆ ಎರಡಾದವು. ಅಧ್ಯಕ್ಷರ ಫೋಟೊ 'ನಮ್ಮ ಬಗ್ಗೆ' ಎಂಬ ಪುಟಕ್ಕೆ ಹೋಯಿತು. ಅವರು ಬೇಸರ ಮಾಡಿಕೊಂಡರೆಂದು ನನಗೆ ನೆನಪು, ಆದರೆ ನನ್ನ ಡೈರಿಯಲ್ಲಿ ಆ ಮಾತಿಲ್ಲ. ಅವರು ಬೇಸರ ಮಾಡಿಕೊಳ್ಳಲಿ ಎಂದು ನಾನು ಬಯಸಿದ್ದೇ ಈಗ ನೆನಪಿನಂತೆ ಕಾಣುತ್ತಿರಬಹುದು.

ಕತ್ತರಿಸಿದ್ದರಲ್ಲಿ ಇನ್ನೊಂದು ಪರದೆಯೂ ಇತ್ತು. ಹೊಸ ಫೋನುಗಳಲ್ಲಿ ಸೂಚನೆ ಕಳಿಸಲು ಬಳಸುವವರ ಅನುಮತಿ ಬೇಕು. ಅದನ್ನು ಕೇಳುವ ಚೌಕ ಫೋನಿನದೇ, ಅದರ ಮಾತನ್ನು ನಾವು ಬದಲಿಸುವಂತಿಲ್ಲ. ಎಂಜಿನಿಯರ್ ಅದಕ್ಕಿಂತ ಮೊದಲು ನಮ್ಮದೇ ಪ್ರಶ್ನೆಯೊಂದನ್ನು ಇಟ್ಟಿದ್ದ: "ಸರದಿ ಬಂದಾಗ ತಿಳಿಸಲೇ?" ಅದಕ್ಕೆ ಹೌದು ಎಂದವರಿಗೆ ಮಾತ್ರ ಫೋನಿನ ಚೌಕ ಕಾಣುತ್ತಿತ್ತು. ಒಂದೇ ವಿಷಯವನ್ನು ಎರಡು ಸಲ ಕೇಳುವುದು ಕಿರಿಕಿರಿಯೆಂದು ನಾನು ಆ ಪ್ರಶ್ನೆಯನ್ನು ತೆಗೆಸಿದೆ. ಬದಲಿಗೆ ಮೊದಲ ಪರದೆಯ ಕೆಳಗೆ ಒಂದು ಸಾಲು: "ನಿಮಗೆ ತೊಂದರೆಯಿಲ್ಲದಿದ್ದರೆ ಸರದಿಯ ಸುದ್ದಿ ತಿಳಿಸುತ್ತೇವೆ." ಅದರ ಬೆನ್ನಿಗೇ ಫೋನಿನ ಚೌಕ. ಆತ ಆಕ್ಷೇಪಿಸಲಿಲ್ಲ ಎಂದೇ ನಾನು ಬಹಳ ದಿನ ನಂಬಿದ್ದೆ. ಡೈರಿ ತೆಗೆದು ನೋಡಿದರೆ, "ಮೇಡಂ, ಆ ಪ್ರಶ್ನೆ ಸುಮ್ನೆ ಇಟ್ಟಿದ್ದಲ್ಲ" ಎಂದನಂತೆ. "ಸುಮ್ಮನೆ ಇಟ್ಟ ಹಾಗೇ ಕಾಣ್ತದೆ" ಎಂದೆನಂತೆ ನಾನು. ನನ್ನ ಮಾತನ್ನು ನಾನೇ ಬರೆದಿಟ್ಟಿದ್ದೇನೆ, ಸ್ವಲ್ಪ ಹೆಮ್ಮೆಯಿಂದಲೇ.

ಸುಗ್ಗಿ ಶುರುವಾಗಿ ನಾಲ್ಕೈದು ದಿನಕ್ಕೆ ಸಿದ್ದಾಪುರದ ಕಡೆಯ ಕೋಲಸಿರ್ಸಿಯಿಂದ ದೂರು ಬಂತು. ಗಂಡ ತೀರಿಕೊಂಡ ಮೇಲೆ ಗದ್ದೆ ತಾನೇ ನೋಡಿಕೊಳ್ಳುವ ಒಬ್ಬ ಹಿರಿಯ ಹೆಂಗಸಿನ ಸರದಿ ತಪ್ಪಿತ್ತು. ಸುದ್ದಿಯೇ ಬಂದಿಲ್ಲವೆಂದು ಅವರು, ಕಳಿಸಿದ್ದೇವೆಂದು ಸಂಘದವರು. ಭತ್ತ ಹಣ್ಣಾಗಿ ಕಾಳು ಉದುರತೊಡಗಿತ್ತು, ಸಂಜೆ ಸಂಜೆ ಮೋಡವೂ ಕಟ್ಟುತ್ತಿತ್ತು. ಮಷಿನ್ ಇನ್ನು ಮೂರು ದಿನ ಸಿದ್ದಾಪುರದ ಕಡೆ ಇದ್ದು ಯಲ್ಲಾಪುರಕ್ಕೆ ಹೊರಡುವುದಿತ್ತು. ಹೊರಟರೆ ಆ ವರ್ಷಕ್ಕೆ ತಿರುಗಿ ಬರುವಂತಿರಲಿಲ್ಲ. ಎಂಜಿನಿಯರ್ ತನ್ನ ಬೈಕ್ ತೆಗೆದ. ಹಿಂದೆ ನಾನು ಕುಳಿತೆ.

ಅವರ ಫೋನ್ ನೋಡಿದರೆ ಸೂಚನೆಗೆ ಅನುಮತಿ ಇರಲಿಲ್ಲ.

"ಅತ್ತೆ, ನೀವು ಬೇಡ ಹೇಳಿ ಒತ್ತಿದ್ರಿ" ಎಂದ ಎಂಜಿನಿಯರ್. ಹಿರಿಯ ಹೆಂಗಸರೆಲ್ಲ ನಮ್ಮ ಕಡೆ ಅತ್ತೆಯೇ.

"ಒತ್ತಿದ್ದೆ. ಎರಡು ಸಲ" ಎಂದರು ಅವರು, ಯಾವ ಅಳುಕೂ ಇಲ್ಲದೆ.

"ಎಂತಕ್ಕೆ?"

"ಕೇಳಿದ ಕೂಡ್ಲೆ ಹ್ಞೂಂ ಹೇಳುದು ಹ್ಯಾಂಗೆ ಮಾಣಿ? ಅದೂ, ತೊಂದರೆ ಇಲ್ದಿದ್ರೆ ಹೇಳಿ ಅಷ್ಟು ಮರ್ಯಾದೆಲಿ ಕೇಳಿತ್ತು. ಇನ್ನೊಂದ್ಸಲ ಕೇಳ್ತು ಹೇಳಿ ಅಂದ್ಕಂಡಿದ್ದೆ. ಮತ್ತೆ ಕೇಳಿದ್ದೇ ಇಲ್ಲೆ."

ಎಂಜಿನಿಯರ್ ನನ್ನ ಮುಖ ನೋಡಿದ. ಫೋನ್ ಎರಡೇ ಸಲ ಕೇಳುವುದು. ಎರಡನೆಯ ಸಲವೂ ಬೇಡ ಎಂದವರ ಮುಂದೆ ಆ ಚೌಕ ಮತ್ತೆ ಬರುವುದಿಲ್ಲ. ಆತನ ಪ್ರಶ್ನೆ ಅಲ್ಲಿದ್ದದ್ದು ಇದಕ್ಕೇ: ಆ ಪ್ರಶ್ನೆಗೆ ಎಷ್ಟು ಸಲ ಬೇಡ ಎಂದರೂ ಫೋನಿನ ಆ ಎರಡು ಅವಕಾಶ ಖರ್ಚಾಗುತ್ತಿರಲಿಲ್ಲ.

ಅಷ್ಟರಲ್ಲಿ ಅವರು ಕಷಾಯ ತರಲು ಎದ್ದರು. ನಾನು ಬೇಡ ಎಂದೆ. ಒಳಗಿಂದಲೇ ಮತ್ತೆ ಕೇಳಿದರು, ಈಗಷ್ಟೇ ಕುಡಿದು ಬಂದೆ ಎಂದು ಸುಳ್ಳು ಹೇಳಿದೆ. "ಅರ್ಧ ಲೋಟ ಕುಡಿ ತಂಗಿ" ಎನ್ನುತ್ತ ಅವರು ಪೂರ್ತಿ ಲೋಟ ತಂದಿಟ್ಟರು. ಬಾಯಾರಿತ್ತು, ಕುಡಿದೆ. ಈ ಊರುಗಳಲ್ಲಿ ಹುಟ್ಟಿ ಬೆಳೆದ ನಾನು ಎಂದಾದರೂ ಒಂದೇ ಮಾತಿಗೆ ಹೂಂ ಎಂದದ್ದುಂಟೇ ಎಂದು ಆ ಲೋಟ ಹಿಡಿದು ಯೋಚಿಸಿದೆ. ಅಥವಾ ಶಿರಸಿಗೆ ವಾಪಸಾಗುವಾಗ ಯೋಚಿಸಿದೆನೋ. ಅಲ್ಲೇ ಹೊಳೆಯಿತು ಎಂದರೆ ನಾನು ಚುರುಕಾಗಿ ಕಾಣುತ್ತೇನೆ, ಆದ್ದರಿಂದ ಅದನ್ನು ಅಷ್ಟಾಗಿ ನಂಬಬೇಕಿಲ್ಲ.

ಎಂಜಿನಿಯರ್ ಫೋನಿನ ಸೆಟ್ಟಿಂಗಿಗೆ ಹೋಗಿ ಅನುಮತಿ ಕೊಡಿಸಿದ. ಆಮೇಲೆ ಸಂಘದ ಮ್ಯಾನೇಜರಿಗೆ ಫೋನ್ ಮಾಡಿದ. ಸರದಿ ತಪ್ಪಿದವರು ಪಟ್ಟಿಯ ಕೊನೆಗೆ ಎಂಬ ನಿಯಮ ಬಂತು, ಸಾಫ್ಟ್‌ವೇರ್ ಒಪ್ಪುವುದಿಲ್ಲ ಎಂಬ ಮಾತೂ ಬಂತು. "ಸಾಫ್ಟ್‌ವೇರ್ ಬರೆದವ ನಾನೇ ಸರ್, ಅದನ್ನ ಒಪ್ಸ್ತೆ. ನೀವು ಒಪ್ಪಿ" ಎಂದ. ಮ್ಯಾನೇಜರ್ ಮೂರನೆಯ ಸಲಕ್ಕೆ ಒಪ್ಪಿದರು. ಸಿದ್ದಾಪುರದ ಕಡೆಯ ಕೊನೆಯ ದಿನ ಈ ಗದ್ದೆಗೆ ಸಿಕ್ಕಿತು. ಆದರೆ ಹಿಂದಿನ ಸಂಜೆ ಆರರೊಳಗೆ ಒಪ್ಪಿಗೆ ಒತ್ತಲೇಬೇಕು.

ಆ ರಾತ್ರಿಗೆ ಮೊದಲೇ ಪರದೆಗಳನ್ನು ತಿದ್ದಿದೆವು. ನಮ್ಮ ಪ್ರಶ್ನೆ ವಾಪಸ್ ಬಂತು, ಆದರೆ ಆ್ಯಪ್ ತೆರೆದ ಕೂಡಲೇ ಅಲ್ಲ, ಮಷಿನ್‌ಗೆ ಹೆಸರು ಬರೆಸಿದ ಮೇಲೆ. "ನಿಮಗೆ ತೊಂದರೆಯಿಲ್ಲದಿದ್ದರೆ" ಹೋಯಿತು. "ಸೂಚನೆ ಬಾರದಿದ್ದರೆ ಸರದಿ ತಪ್ಪಬಹುದು. ತಿಳಿಸಲೇ?" ಎಂದಷ್ಟೇ ಉಳಿಯಿತು. ಈಗಾಗಲೇ ಎರಡು ಸಲ ಬೇಡ ಎಂದವರಿಗೆ, ಸೆಟ್ಟಿಂಗಿಗೆ ನೇರ ಕರೆದೊಯ್ಯುವ ಒಂದು ಬಟನ್. ಅಂಥವರು ಎಷ್ಟು ಜನ ಎಂದು ಎಂಜಿನಿಯರ್ ಪಟ್ಟಿ ತೆಗೆದು ತೋರಿಸಿದ. ನಾನು ಪೂರ್ತಿ ಓದಲಿಲ್ಲ.

ಮಷಿನ್ ಅವರ ಗದ್ದೆಗೆ ಹೋಗಬೇಕಾದ ಹಿಂದಿನ ದಿನ ಸಂಜೆ ಐದು ದಾಟಿತ್ತು. ಕೋಲಸಿರ್ಸಿಯಿಂದ ನನಗೇ ಫೋನ್ ಬಂತು.

"ನಾಳೆ ಎಂಟಕ್ಕೆ ಹೇಳಿ ಸುದ್ದಿ ಬಂಜು. ಬರ್ಲಿ."

"ನಂಗಲ್ಲ ಅತ್ತೆ, ಅಲ್ಲೇ ಕೆಳಗೆ 'ಒಪ್ಪಿದೆ' ಹೇಳಿ ಇದ್ದು, ಅದನ್ನ ಒತ್ತಿ."

"ಕೇಳಿದ್ದು ನೀನಲ್ದಾ? ಬರೆದವಳು ನೀನೇ ಹೇಳಿ ಮಾಣಿ ಹೇಳಿದ್ದ."

"ಬರೆದದ್ದು ನಾನೇ. ಆದ್ರೆ ಮಷಿನ್ನಿನವ್ರಿಗೆ ಗೊತ್ತಾಗುದು ಒತ್ತಿದ್ರೆ ಮಾತ್ರ."

"ಅಷ್ಟು ಚೊಲೋ ಮಾಡಿ ಕೇಳಿದವಕ್ಕೆ ಬೆರಳಲ್ಲಿ ಉತ್ತರ ಕೊಡುದು ಎಂತ ಚಂದ" ಎಂದರು. ಆಪ್ತವಾಗಿ ಬರೆಯಬೇಕೆಂದು ನನಗೆ ಕಲಿಸಿದವರು ಯಾರೂ ಈ ತೊಡಕನ್ನು ಹೇಳಿರಲಿಲ್ಲ. ಫೋನ್ ಇಡಬೇಡಿ, ಒತ್ತಿ ಎಂದು ಕಾದೆ. "ಒತ್ತಿದೆ" ಎಂದರು. ಅವರ ಮಾತಿನ ಮೇಲೆ ನಂಬಿಕೆಯಿದ್ದರೂ ಎಂಜಿನಿಯರಿಗೆ ಫೋನ್ ಮಾಡಿ, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಪ್ಪಿಗೆ ಬಿದ್ದದ್ದನ್ನು ಖಚಿತಪಡಿಸಿಕೊಂಡೆ.

ಮರುದಿನ ಮಷಿನ್ ಅವರ ಗದ್ದೆಗೆ ಹೋಯಿತು. ಮಧ್ಯಾಹ್ನದೊಳಗೆ ಮೇಲಿನ ಗದ್ದೆಗಳೆಲ್ಲ ಮುಗಿದವು. ಕೆಳಗಿನ ತುಂಡಿನಲ್ಲಿ, ಸರದಿ ತಪ್ಪಿದ ಆ ದಿನಗಳಲ್ಲೇ, ಪೈರು ನೆಲಕ್ಕೆ ಮಲಗಿಬಿಟ್ಟಿತ್ತು. ಮಲಗಿದ ಪೈರನ್ನು ಮಷಿನ್ ಕೊಯ್ಯದು, ಅಲ್ಲಿ ಕೈಕೊಯ್ಲೇ ಗತಿ. ಭಾನುವಾರ ನಾನೂ ಹೋಗಿ ಕತ್ತಿ ಕೇಳಿದೆ. ಅವರು ಕೊಟ್ಟರು. ಸ್ವಲ್ಪ ಹೊತ್ತಿಗೆ, ನಾನು ಕೊಯ್ದ ಸಾಲಿನಲ್ಲಿ ಉದುರಿದ ಕಾಳು ನೋಡಿ, ಕತ್ತಿ ಇಸಿದುಕೊಂಡು ನನ್ನನ್ನು ಹೊರೆ ಕಟ್ಟುವವರ ಕಡೆ ಕಳಿಸಿದರು.