ತೊಳೆಯದ ಪಂಪು, ಮೂವತ್ತಾರು ತಿಂಗಳು

ಸಾವಯವ ಪ್ರಮಾಣೀಕರಣದ ಬಗ್ಗೆ ನಾನು ಬರೆದ ಅಧ್ಯಯನ ಟಿಪ್ಪಣಿಯೊಂದು ನಮ್ಮ ಕಾಲೇಜಿನಲ್ಲಿ ಈಗಲೂ ಓಡಾಡುತ್ತಿದೆ. ಕೃಷಿ ವ್ಯಾಪಾರ ಓದುವ ಹುಡುಗ ಹುಡುಗಿಯರು ಪರೀಕ್ಷೆಯ ಹಿಂದಿನ ವಾರ ಅದನ್ನು ಜೆರಾಕ್ಸ್ ಮಾಡಿಸಿ ಹಂಚಿಕೊಳ್ಳುತ್ತಾರೆ. ಅದರ ಏಳನೆಯ ಅಂಶ ಹೀಗಿದೆ: ಬೇರೆ ಹೊಲದಲ್ಲಿ ರಾಸಾಯನಿಕಕ್ಕೆ ಬಳಸಿದ ಯಾವುದೇ ಉಪಕರಣವನ್ನು ಚೆನ್ನಾಗಿ ತೊಳೆಯದೆ ಸಾವಯವ ಹೊಲಕ್ಕೆ ತರಬಾರದು. ಆ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ. ಗೆರೆ ಎಳೆದವರು ಅದನ್ನು ಓದಿಕೊಳ್ಳಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ತೋಟ ಚಿಕ್ಕಪ್ಪನದು. ಕರಾವಳಿಯಿಂದ ಬಂದು ನಲವತ್ತು ವರ್ಷ ಆರ್.ಕೆ.ಪುರಂ ಹತ್ತಿರ ಹೋಟೆಲು ನಡೆಸಿದವರು. ದಿಲ್ಲಿಯ ಮೇಲೆ ಅವರಿಗಿದ್ದುದು ಒಂದೇ ಸಿಟ್ಟು. ಇಲ್ಲಿನ ಗಿರಾಕಿಗಳು ಸಾಂಬಾರಿನ ಕರಿಬೇವನ್ನು ಹೆಕ್ಕಿ ತಟ್ಟೆಯ ಅಂಚಿಗೆ ತಳ್ಳುತ್ತಾರೆ, ಏನೋ ಹುಳ ಸಿಕ್ಕಿದ ಹಾಗೆ. ಎಪ್ಪತ್ತು ತುಂಬುವ ಹೊತ್ತಿಗೆ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟು, ನಜಫ್‌ಗಢ ದಾಟಿ ಹರಿಯಾಣದ ಗಡಿಯಲ್ಲಿ ಎರಡು ಎಕರೆ ಹಿಡಿದು, ಅದರ ತುಂಬ ಕರಿಬೇವು ನೆಟ್ಟರು. ಅವರ ಆಸೆ ಇಷ್ಟೇ. ಹೋಟೆಲಿನ ಬಾಗಿಲಲ್ಲಿ ಕರಿಬೇವಿನ ಪ್ಯಾಕೆಟ್ ಇರಬೇಕು, ಅದರ ಮೇಲೆ ಸಾವಯವ ಮುದ್ರೆ ಇರಬೇಕು, ಅದನ್ನು ನೋಡಿಯಾದರೂ ಈ ಊರಿನವರು ಎಲೆಯನ್ನು ಬಾಯಿಗೆ ಹಾಕಿಕೊಳ್ಳಬೇಕು.

ದಿಲ್ಲಿಯ ದ್ವಾರಕಾದಲ್ಲಿ ಅವರ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಪಾಠ ಮಾಡಲು ಹೋಗುತ್ತಿದ್ದ ನಾನು ತೋಟದ ಕಾಗದಪತ್ರಗಳ ಮಂತ್ರಿಯಾದೆ. ನನಗೆ ಆಗ ಎಲ್ಲವೂ ಗೊತ್ತಿತ್ತು. ಅಂಥ ವಯಸ್ಸು ಅಲ್ಲ, ಅಂಥ ಕೆಲಸ.

ಮೊದಲ ಜಗಳ ದಿನಾಂಕದ ಬಗ್ಗೆ ಆಯಿತು. ದಸರೆಯ ದಿನ ಚಿಕ್ಕಪ್ಪ ಹೊಲದಲ್ಲಿ ಪೂಜೆ ಮಾಡಿಸಿ, ಅವತ್ತಿನಿಂದ ಯೂರಿಯಾ ಬಂದ್ ಎಂದು ಘೋಷಿಸಿದ್ದರು. ಪ್ರಮಾಣೀಕರಣ ಸಂಸ್ಥೆಯ ಅರ್ಜಿ ಮಾತ್ರ ಏಪ್ರಿಲ್‌ವರೆಗೆ ಕಪಾಟಿನಲ್ಲಿ ಮಲಗಿತ್ತು.

"ಆರು ತಿಂಗಳು ಆಗ್ಲೇ ಮುಗೀತಲ್ಲ ಮಾರಾಯ್ತಿ" ಅಂದರು.

"ಇಲ್ಲ ಚಿಕ್ಕಪ್ಪ. ನೋಂದಣಿ ಆದ ದಿನದಿಂದ ಲೆಕ್ಕ. ದೇವರ ಹತ್ರ ಹೇಳಿದ್ದು ಅವರ ಕಡತದಲ್ಲಿ ಬರೋದಿಲ್ಲ."

"ದೇವರ ಸಾಕ್ಷಿ ಸಾಲದಾ ಇವರಿಗೆ?"

"ರಸೀದಿ ಇದ್ರೆ ಕೇಳಿ ನೋಡ್ತೀನಿ."

ಪರಿವರ್ತನೆಯ ಅವಧಿ ಎಂದರೆ ಏನೆಂದು ಅವರಿಗೆ ಹೇಳಿ ಹೇಳಿಯೇ ನಾನು ಆ ಟಿಪ್ಪಣಿ ಬರೆದದ್ದು. ಗೋಧಿ, ತರಕಾರಿಯಂಥ ವರ್ಷದ ಬೆಳೆಗಾದರೆ ಬಿತ್ತುವ ಮೊದಲು ಎರಡು ವರ್ಷ. ಕರಿಬೇವಿನಂತೆ ವರ್ಷಗಟ್ಟಲೆ ನಿಲ್ಲುವ ಗಿಡಕ್ಕೆ ಸಾವಯವವೆಂದು ಮೊದಲ ಕೊಯ್ಲು ಮಾಡುವ ಮೊದಲು ಮೂರು ವರ್ಷ. ಆ ಮೂರು ವರ್ಷವೂ ಎಲ್ಲ ನಿಯಮ ಪಾಲಿಸಬೇಕು, ಆದರೆ ಸಾವಯವ ಎಂದು ಮಾರುವಂತಿಲ್ಲ. ಕಷ್ಟ ಪೂರ್ತಿ, ಹೆಸರು ಇಲ್ಲ. ಇದನ್ನು ಕೇಳಿದ ಚಿಕ್ಕಪ್ಪ, "ಹೊಸ ಸೊಸೆಯ ಹಾಗೆ" ಅಂದರು. ಚಿಕ್ಕಮ್ಮ ಅಡುಗೆಮನೆಯಿಂದಲೇ ಕೆಮ್ಮಿದರು.

ಅವರಿಗೆ ಇನ್ನೊಂದು ಸಂಗತಿಯೂ ಅರ್ಥವಾಗುತ್ತಿರಲಿಲ್ಲ. ಎಲೆಯನ್ನು ಲ್ಯಾಬಿಗೆ ಕೊಟ್ಟು, ವಿಷ ಇಲ್ಲ ಅಂತ ಬಂದರೆ ಮುಗಿಯಿತಲ್ಲ? ಇದನ್ನೇ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಮುದ್ರೆ ಬೀಳುವುದು ಎಲೆಗಲ್ಲ, ಅದನ್ನು ಬೆಳೆದ ರೀತಿಗೆ. ಲ್ಯಾಬಿನ ಪರೀಕ್ಷೆ ಒಂದು ಸಾಕ್ಷಿ ಮಾತ್ರ. ಯಾವ ಸಸಿ ಎಲ್ಲಿಂದ ಬಂತು, ಯಾವ ಗೊಬ್ಬರ ಯಾವ ದಿನ ಬಿತ್ತು, ಪಕ್ಕದ ಹೊಲದ ಔಷಧಿ ಹಾರಿ ಬಾರದಂತೆ ಅಂಚಿನಲ್ಲಿ ಎಷ್ಟು ಜಾಗ ಬಿಟ್ಟಿದ್ದೀರಿ, ಎಲ್ಲವೂ ದಿನಚರಿಯಲ್ಲಿ ಇರಬೇಕು. ಬರೆಯದ್ದು ನಡೆದೇ ಇಲ್ಲ ಎಂದು ಲೆಕ್ಕ. ನಾನು ದಿನಚರಿಯನ್ನು ಬಹಳ ಜಂಬದಿಂದ ಬರೆಯುತ್ತಿದ್ದೆ. ಅಕ್ಷರ ದುಂಡಗೆ, ಗೆರೆ ನೇರ.

ವರ್ಷಕ್ಕೊಮ್ಮೆ ತಪಾಸಣೆಗೆ ಒಬ್ಬಳು ಹುಡುಗಿ ಬರುತ್ತಿದ್ದಳು. ಬೆನ್ನಿಗೆ ಚೀಲ, ತಲೆಗೆ ಟೋಪಿ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಚಿಕ್ಕಪ್ಪನಿಗೆ ರಾತ್ರಿ ನಿದ್ದೆ ಬಾರದು. ಮೊದಲ ವರ್ಷ ಇಡ್ಲಿ ವಡೆ ತಂದರು. ಅವಳು ಚೀಲದಿಂದ ತನ್ನದೇ ಪರಾಠಾ ತೆಗೆದು ಮರದಡಿ ಕೂತು ತಿಂದಳು. ಎರಡನೆಯ ವರ್ಷ ಕೇಸರಿಬಾತಿನ ಆಮಿಷ ಒಡ್ಡಿದರು. "ಅಂಕಲ್, ನಾನು ನಿಮ್ಮನ್ನ ನೋಡೋಕೆ ಬಂದವಳು, ನಿಮ್ಮದು ತಿಂದ್ರೆ ಸರಿಯಾಗಿ ಕಾಣಿಸೋದಿಲ್ಲ" ಎಂದು ಹಿಂದಿಯಲ್ಲಿ ಹೇಳಿದಳು. ಚಿಕ್ಕಪ್ಪನಿಗೆ ಆದ ಅವಮಾನ ನೋಡಬೇಕಿತ್ತು. ಕೇಸರಿಬಾತಿಗೂ ಬಗ್ಗದ ಮನುಷ್ಯ ಇರಬಹುದೆಂದು ಅವರು ನಲವತ್ತು ವರ್ಷದಲ್ಲಿ ಕೇಳಿಯೇ ಇರಲಿಲ್ಲ.

ಹೀಗೆ ಮೂರನೆಯ ವರ್ಷದ ಮಾರ್ಚ್ ಬಂತು. ಏಪ್ರಿಲ್ ಬಂದರೆ ಮೂವತ್ತಾರು ತಿಂಗಳು ಮುಗಿಯುತ್ತದೆ. ಚಳಿಗೆ ಬೋಳಾಗಿದ್ದ ಗಿಡಗಳು ಚಿಗುರತೊಡಗಿದ್ದವು. ಚಿಗುರಿಗೆ ಹುಳಿಮಜ್ಜಿಗೆ ಹೊಡೆಯಬೇಕೆಂದು ಚಿಕ್ಕಪ್ಪ ಹಟ ಹಿಡಿದರು. ಊರಿನಲ್ಲಿ ಮನೆಯ ಹಿಂದಿನ ಕರಿಬೇವಿಗೆ ಮಜ್ಜಿಗೆ ಸುರಿಯದವರು ಯಾರು? ನಾನು ಸಂಸ್ಥೆಗೆ ಮೊದಲೇ ಬರೆದು ಕೇಳಿದೆ, ಅವರು ಆಗಬಹುದು ಎಂದರು. ಹೋಟೆಲಿನಿಂದ ಎರಡು ಕ್ಯಾನ್ ಮಜ್ಜಿಗೆ ಬಂತು. ಅದರ ಹುಳಿ ಎಷ್ಟಿತ್ತೆಂದರೆ ಕಾರಿನಲ್ಲಿ ಕಿಟಕಿ ತೆರೆದುಕೊಂಡೇ ಬಂದೆವು.

ಹೊಲಕ್ಕೆ ಬಂದು ನೋಡಿದರೆ ನಮ್ಮ ಸಿಂಪಡಣೆಯ ಪಂಪಿನ ಮೂತಿ ಮುರಿದಿತ್ತು. ಬೇರೆ ತರಲು ನಜಫ್‌ಗಢಕ್ಕೇ ಹೋಗಬೇಕು. ಸಂಜೆ ನನಗೆ ವಸಂತ್ ಕುಂಜ್‌ನಲ್ಲಿ ಗೆಳತಿಯ ಮನೆಯ ಊಟವಿತ್ತು, ಅದು ತಪ್ಪಿಹೋದೀತೆಂಬ ಆತುರ. ಚಿಕ್ಕಪ್ಪ ಅತ್ತ ಮಜ್ಜಿಗೆ ಸೋಸುತ್ತಿದ್ದಾಗ ನಾನು ಪಕ್ಕದ ಗೋಧಿ ಹೊಲಕ್ಕೆ ಓಡಿ, ಅಲ್ಲಿನ ತಾವೂನ ಪಂಪು ಕೇಳಿ ತಂದೆ. ತಾವೂ ಎಂದರೆ ಇಲ್ಲಿ ದೊಡ್ಡಪ್ಪ. ಅವರು ಹುಕ್ಕಾ ಬಿಡದೆ, "ಲೇ ಜಾ ಬೇಟಿ" ಎಂದು ಕೊಟ್ಟಿಗೆಯ ಕಡೆ ಕೈ ತೋರಿಸಿದರು. ನೋಡಲು ಸ್ವಚ್ಛವಾಗಿಯೇ ಇತ್ತು. ಒಂದು ಚೊಂಬು ನೀರು ಹಾಕಿ ಅಲ್ಲಾಡಿಸಿ ಚೆಲ್ಲಿದೆ. ಏಳನೆಯ ಅಂಶ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಇಷ್ಟಕ್ಕೆಲ್ಲ ಏನಾಗುತ್ತದೆ ಅಂದುಕೊಂಡೆ.

ಎರಡು ಎಕರೆಗೂ ಆಳಿನಿಂದ ಹೊಡೆಸಿ, ಸಂಜೆ ಪಂಪು ಹಿಂದಿರುಗಿಸಲು ಹೋದಾಗ ತಾವೂ ಕೇಳಿದರು, "ಧೋ ಲಿಯಾ ಥಾ ನಾ, ತೊಳೆದುಕೊಂಡೆ ತಾನೇ? ಗೋಧಿಯ ಕಳೆಗೆ ದವಾಯಿ ಹೊಡೆದ ಮೇಲೆ ನಾವು ಅದನ್ನ ತೊಳೆದೇ ಇಲ್ಲ." ಆ ಕಳೆನಾಶಕ ಗೋಧಿಯನ್ನು ಮುಟ್ಟುವುದಿಲ್ಲ, ಅಗಲ ಎಲೆಯ ಗಿಡವನ್ನು ಬಿಡುವುದಿಲ್ಲ. ಅದನ್ನೂ ನಾನೇ ತರಗತಿಯಲ್ಲಿ ಕಲಿಸುತ್ತೇನೆ.

ವಸಂತ್ ಕುಂಜ್‌ಗೆ ಹೋದೆ. ಊಟವನ್ನೂ ಮಾಡಿದೆ. ದಿನಚರಿಯಲ್ಲಿ "ಹುಳಿಮಜ್ಜಿಗೆ ಸಿಂಪಡಣೆ" ಎಂದು ದುಂಡಗೆ ಬರೆದು, ಉಪಕರಣದ ಅಂಕಣವನ್ನು ಖಾಲಿ ಬಿಟ್ಟೆ.

ಐದನೆಯ ದಿನ ಚಿಗುರು ಮುರುಟತೊಡಗಿತು, ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ. ಚಿಕ್ಕಪ್ಪ ಸಾಲು ಸಾಲಾಗಿ ನಡೆದು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ.

"ನನ್ನದೇ ತಪ್ಪು" ಅಂದರು. "ಮಜ್ಜಿಗೆ ವಿಪರೀತ ಹುಳಿ ಆಗಿತ್ತು. ಪಾಪದ ಗಿಡ, ಸುಟ್ಟೇ ಹೋಯ್ತು ನೋಡು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಜ್ಜಿಗೆಗೆ ಯಾವ ನಿಷೇಧವೂ ಇಲ್ಲ, ಮಜ್ಜಿಗೆಯಿಂದ ಸುಟ್ಟರೆ ಪರಿವರ್ತನೆಯ ಗಡಿಯಾರ ನಿಲ್ಲುವುದಿಲ್ಲ, ಅವರಿಗೆ ಮುದ್ರೆಯೂ ಸಿಗುತ್ತದೆ, ನನಗೆ ಮರ್ಯಾದೆಯೂ ಉಳಿಯುತ್ತದೆ. ಮೇಷ್ಟ್ರ ಬುದ್ಧಿ ಇಂಥದ್ದಕ್ಕೆ ಎಷ್ಟು ಚುರುಕು! ಅವತ್ತಿನಿಂದ ಚಿಕ್ಕಪ್ಪ ದಿನಾ ಹೊಲಕ್ಕೆ ಹೋಗಿ ಗಿಡಗಳ ಬುಡಕ್ಕೆ ನೀರು ಬಿಟ್ಟು ಬರತೊಡಗಿದರು. ಊಟದ ಹೊತ್ತಿಗೆ ಮಜ್ಜಿಗೆ ಬಡಿಸಿದರೆ ಲೋಟ ದೂರ ಸರಿಸುತ್ತಿದ್ದರು. ಚಿಕ್ಕಮ್ಮ ನಗುತ್ತಿದ್ದರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಪಾಸಣೆಯ ದಿನ ಆ ಹುಡುಗಿ ಎರಡನೆಯ ಸಾಲಿಗೇ ನಿಂತಳು. ಮುರುಟಿದ ಎಲೆಯನ್ನು ತಿರುಗಿಸಿ ನೋಡಿದಳು. ದಿನಚರಿ ಕೇಳಿದಳು. ಖಾಲಿ ಅಂಕಣದ ಮೇಲೆ ಪೆನ್ನಿನ ತುದಿ ಇಟ್ಟಳು.

"ಇದು ಯಾಕೆ ಖಾಲಿ ಇದೆ?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಮುಂದೆ ಬಂದರು. "ಬಿಟಿಯಾ, ಅವಳದ್ದು ಏನೂ ಇಲ್ಲ. ಮಜ್ಜಿಗೆ ಹುಳಿ ಮಾಡಿದ್ದು ನಾನು. ಬರ್ಕೊಳ್ಳಿ, ನನ್ನ ಹೆಸರಲ್ಲೇ ಬರ್ಕೊಳ್ಳಿ." ನಲವತ್ತು ವರ್ಷ ಗಿರಾಕಿಗಳ ಎದುರು ಅಡುಗೆಯವರ ತಪ್ಪನ್ನು ಹೀಗೆಯೇ ತಮ್ಮ ಮೇಲೆ ಹಾಕಿಕೊಂಡವರು ಅವರು. ಕೈ ಮುಗಿದು ನಿಂತ ಅವರನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮಜ್ಜಿಗೆ ಅಲ್ಲ" ಎಂದೆ. "ಪಂಪು. ನಾನು ಪಕ್ಕದ ಹೊಲದಿಂದ ತಂದೆ, ಸರಿಯಾಗಿ ತೊಳೆಯಲಿಲ್ಲ. ಅದರಲ್ಲಿ ಕಳೆನಾಶಕ ಇತ್ತು. ಅವತ್ತು ಸಂಜೆಯೇ ಗೊತ್ತಾಯಿತು."

ಮೊದಲು ಹಿಂದಿಯಲ್ಲಿ ಹೇಳಿದೆ. ಆಮೇಲೆ ಚಿಕ್ಕಪ್ಪನಿಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಅವರಿಗೆ ಹಿಂದಿ ಬಾರದೆ ಅಲ್ಲ, ಕೇಳಿದ್ದನ್ನು ನಂಬದೆ. ಹುಡುಗಿ ಎಲ್ಲವನ್ನೂ ಬರೆದುಕೊಂಡು, ನನ್ನಿಂದ ಸಹಿ ಹಾಕಿಸಿ, ಎಲೆಗಳನ್ನು ಚೀಲಕ್ಕೆ ತುಂಬಿ ಮೊಹರು ಹಾಕಿದಳು.

ಚಿಕ್ಕಪ್ಪ ಅವಳನ್ನೇ ಕೇಳಿದರು, "ಈಗ ಎಂತ ಆಗ್ತದೆ?" ಗಾಬರಿಯಲ್ಲಿ ಕನ್ನಡವೇ ಬಂದಿತ್ತು. ನಾನು ಹಿಂದಿಗೆ ತಿರುಗಿಸಿದೆ.

"ತೀರ್ಮಾನ ನನ್ನದಲ್ಲ ಅಂಕಲ್. ನಾನು ನೋಡಿದ್ದನ್ನ ಬರೀತೀನಿ, ಆಫೀಸಿನಲ್ಲಿ ಬೇರೆಯವರು ನಿರ್ಧಾರ ಮಾಡ್ತಾರೆ. ಮೊದಲಿಂದ ಶುರು ಮಾಡಿ ಅಂತಲೇ ಬರಬಹುದು. ಇನ್ನೂ ಮೂರು ವರ್ಷ."

ಎಪ್ಪತ್ತಮೂರು ವರ್ಷದ ಮನುಷ್ಯನಿಗೆ ಇನ್ನೂ ಮೂರು ವರ್ಷ ಎಂದು ಹೇಳಿದ್ದು ಅವಳಾದರೂ, ಕೊಟ್ಟದ್ದು ನಾನು. ಅವರ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಮಣ್ಣು ನೋಡುತ್ತ ನಿಂತೆ.

"ಇವತ್ತಿಂದ ಲೆಕ್ಕವಾ?" ಎಂದು ಕೇಳಿದರು ಚಿಕ್ಕಪ್ಪ.

"ಬಹುಶಃ ಆ ಸಿಂಪಡಣೆ ಮಾಡಿದ ದಿನದಿಂದ."

ಚಿಕ್ಕಪ್ಪ ಬೆರಳು ಮಡಚಿ ಎಣಿಸಿದರು. ಆಮೇಲೆ ನನ್ನ ತೋಳು ತಟ್ಟಿ, ಒಳ್ಳೆಯ ಸುದ್ದಿ ಹೇಳುವವರಂತೆ ಹೇಳಿದರು, "ಕೇಳಿದ್ಯಾ ಮಗಾ? ಹದಿನೇಳು ದಿನ ಆಗ್ಲೇ ಮುಗ್ದು ಹೋಯ್ತಂತೆ!"

ನಾನೂ ಅದನ್ನೇ ಎಣಿಸುತ್ತಿದ್ದೆ. ಅದರಲ್ಲಿ ಹನ್ನೆರಡು, ನನ್ನ ತಪ್ಪಿಗೆ ಅವರು ತಮ್ಮ ಮಜ್ಜಿಗೆಯನ್ನು ಬೈದುಕೊಳ್ಳಲು ನಾನು ಬಿಟ್ಟ ದಿನಗಳು.