ತಕ್ಕಡಿ ಮೇಡಂ ಹೊಡೆದುಹಾಕಿದ ಮಾತು

ಕಬ್ಬಿಣದ ಸ್ಟೂಲು ದವಡೆಗೆ ಬಡಿದಾಗ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಏಟು ತಿಂದವನು ಹಿಂದಿನ ಬೆಂಚಿನ ವಿದ್ಯಾರ್ಥಿ, ಅವನನ್ನು ಕುಸ್ತಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಹೊಡೆದವನು ಬೀಗದಂಗಡಿಯವರ ಮಗ. ಅದುವರೆಗೆ ತರಗತಿಯಲ್ಲಿ ಒಂದು ಜೋರು ಮಾತು ಆಡಿದವನಲ್ಲ. ಕುಸ್ತಿ ರಕ್ತ ಉಗುಳುತ್ತಲೇ ಎದ್ದು, ಅವನ ಕೂದಲು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಕುಟ್ಟಿದ. ಕುಸ್ತಿಯ ಗೆಳೆಯರು ಬೆಂಚು ಹಾರಿ ಬಂದರು. ನೆಲಕ್ಕೆ ಬಿದ್ದವನ ಬಲಗೈಯನ್ನು ಒಬ್ಬ ತುಳಿದು ನಿಂತ, ಇನ್ನೊಬ್ಬ ಪಕ್ಕೆಗೆ ಒದ್ದ. ಬಿಡಿಸಲು ನುಗ್ಗಿದ ಮೇಡಂ ಹೊಟ್ಟೆಗೆ ಯಾರದೋ ಮೊಣಕೈ ತಗುಲಿ, ಅವರು ಕರಿಹಲಗೆಗೆ ಒರಗಿ ಉಸಿರು ಕಟ್ಟಿ ಕುಸಿದರು.

ತಕ್ಕಡಿ ಮೇಡಂ ಎಂಬ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಧರ್ಮಗಳ ಅಧ್ಯಯನ ವಿಭಾಗದಲ್ಲಿ ಅವರು ಅತಿಥಿ ಉಪನ್ಯಾಸಕಿ. ಪ್ರತಿವರ್ಷವೂ ಕೆಲಸ ಹೋಗಿ, ಕರುಣೆಯಿದ್ದರೆ ಮತ್ತೆ ಬರುತ್ತಿತ್ತು. ತಾವು ಯಾವ ಮತದವರೆಂದು ಎಂದೂ ಬಾಯಿಬಿಟ್ಟವರಲ್ಲ, ಯಾವ ವಿದ್ಯಾರ್ಥಿಯನ್ನೂ ಕೇಳಿದವರಲ್ಲ. ಉತ್ತರಪತ್ರಿಕೆ ತಿದ್ದುವಾಗ ಹೆಸರಿದ್ದ ಮೂಲೆಯನ್ನು ಮಡಿಸಿ ಪಿನ್ನು ಚುಚ್ಚುತ್ತಿದ್ದರು. ದೇವರ ವಿಷಯ ನಿಜವೋ ಸುಳ್ಳೋ ಎಂದು ತೀರ್ಪು ಕೊಡುವುದು ತಮ್ಮ ಪಾಠದ ಕೆಲಸವಲ್ಲ ಎನ್ನುತ್ತಿದ್ದರು. ಯಾರ ಮಾತನ್ನೇ ಹೇಳಲಿ, ಮೊದಲು “ಅವರ ನಂಬಿಕೆಯ ಪ್ರಕಾರ” ಎಂದು ಸೇರಿಸಿಯೇ ಹೇಳುವುದು ಅವರ ಪದ್ಧತಿ.

ಆ ವರ್ಷ ಕಾಯಂ ಉಪನ್ಯಾಸಕ ಹುದ್ದೆಗೆ ಪ್ರಕಟಣೆ ಬಂದಿತ್ತು. ಅರ್ಜಿಯ ಜೊತೆಗೆ ಎರಡು ಪುಟದ ಬೋಧನಾ ಹೇಳಿಕೆ ಕೊಡಬೇಕು; ತರಗತಿಯಲ್ಲಿ ತಟಸ್ಥತೆಯನ್ನು ಹೇಗೆ ಕಾಯುತ್ತೀರಿ ಎಂಬುದನ್ನು ಉದಾಹರಣೆ ಸಮೇತ ಬರೆಯಬೇಕು. ಮೇಡಂ ಬರೆದು ಮುಗಿಸಿದ್ದರು. “ನಾನು ಪ್ರತಿಯೊಂದು ಮಾತಿಗೂ ಒಂದೇ ತೂಕದ ಕಲ್ಲು ಇಡುತ್ತೇನೆ” ಎಂಬ ಸಾಲನ್ನು ಅಕ್ಕನಿಗೆ ಓದಿ ಹೇಳಿ ಹಿಗ್ಗಿದ್ದೂ ಆಗಿತ್ತು.

ಆಮೇಲೆ ಈ ಪಾಠ ಬಂತು. ಸತ್ತವರನ್ನು ನೆನೆಯುವ ಆಚರಣೆಗಳ ಪಾಠ. ಆ ಊರಿನಲ್ಲಿ ಕೆಳಬೀದಿಯವರ ಮತ ಬೇರೆ, ಮೇಲ್ಬೀದಿಯವರದು ಬೇರೆ. ಹಿಂದೊಮ್ಮೆ ಮೇಲ್ಬೀದಿಯ ಗುಂಪೊಂದು ಕೆಳಬೀದಿಯ ಪ್ರಾರ್ಥನಾ ಮಂದಿರಕ್ಕೆ ಹೊರಗಿನಿಂದ ಬೀಗ ಜಡಿದು ಬೆಂಕಿ ಇಟ್ಟಿತ್ತು. ಅದು ನ್ಯಾಯಾಲಯದಲ್ಲಿ ಸಾಬೀತಾಗಿ ಜೈಲುಶಿಕ್ಷೆಯೂ ಆಗಿತ್ತು. ಕೆಳಬೀದಿಯ ಬೀಗದಂಗಡಿಯವರು ಕಾದ ಬೀಗವನ್ನು ಬರಿಗೈಯಲ್ಲೇ ಹಿಡಿದು ಒಡೆಯಲು ಹೋಗಿ ಬೆರಳು ಸುಟ್ಟುಕೊಂಡಿದ್ದರು. ಅವರ ಹಿರಿಮಗ ಒಳಗಿದ್ದ. ಅಂದಿನಿಂದ ಕೆಳಬೀದಿಯವರು ವರ್ಷಕ್ಕೊಮ್ಮೆ ಬೂದಿ ಹಚ್ಚಿಕೊಂಡು ಸತ್ತವರ ಹೆಸರು ಕೂಗುತ್ತಾರೆ.

ಮೇಡಂ ಎಂದಿನ ಪದ್ಧತಿಯಂತೆ ಹೇಳಿದರು: “ಅವರ ನಂಬಿಕೆಯ ಪ್ರಕಾರ, ಒಳಗಿದ್ದವರನ್ನು ಸುಟ್ಟು ಕೊಲ್ಲಲಾಯಿತು. ಅವರ ಆತ್ಮಗಳು ಹೆಸರು ಕೂಗುವವರೆಗೆ ಬಾಗಿಲಲ್ಲಿ ಕಾಯುತ್ತವೆ.”

ಹಿಂದಿನಿಂದ ಮೇಲ್ಬೀದಿಯ ಕುಸ್ತಿ ನಕ್ಕ. “ಕೇಳಿಸ್ತೇನ್ರೋ? ಸುಟ್ಟಿದ್ದೂ ನಂಬಿಕೆ ಅಂತೆ! ಮೇಡಮ್ಮೇ ಹೇಳ್ಬಿಟ್ರಲ್ಲ!”

ಬೀಗದಂಗಡಿಯವರ ಮಗ ಸ್ಟೂಲು ಎತ್ತಿದ್ದು ಆಗ.

ಮೇಡಂ ಅವರ ಅಕ್ಕ ಊರಿನ ಆಸ್ಪತ್ರೆಯ ನರ್ಸು. ಅವಳ ವಾರ್ಡಿನಲ್ಲೇ ಅವನನ್ನು ಮಲಗಿಸಿದ್ದರು. ಬಲಗೈಗೆ ಪಟ್ಟಿ ಹಾಕಿತ್ತು, ಮೂಗು ಊದಿ ಮುಖವೇ ಬೇರೆಯಾಗಿತ್ತು. ಕುಸ್ತಿಯನ್ನು ಬೇರೆ ವಾರ್ಡಿಗೆ ಹಾಕಿದ್ದರು. ಇಬ್ಬರನ್ನೂ ಕಾಲೇಜು ಅಮಾನತು ಮಾಡಿತ್ತು.

ಮೇಡಂ ಮಂಚದ ಪಕ್ಕ ಕೂತು, “ನಾನು ಯಾರ ಕಡೆಗೂ ವಾಲಬಾರದು ಅಂತ ಹಾಗೆ ಹೇಳಿದೆ ಕಣಪ್ಪ” ಎಂದರು.

“ಬೆಂಕಿ ಇಟ್ಟವರಿಗೂ ಅಷ್ಟೇ ಬೇಕಾಗಿತ್ತು, ಮೇಡಂ,” ಎಂದ ಅವನು. “ಆತ್ಮ ಕಾಯುತ್ತೆ ಅನ್ನೋದು ನಂಬಿಕೆ, ಒಪ್ತೀನಿ. ನನಗೇ ಅದರಲ್ಲಿ ಅನುಮಾನ ಇದೆ. ಆದ್ರೆ ನಮ್ಮಣ್ಣನ್ನ ಎತ್ಕೊಂಡು ಬಂದಿದ್ದು ಒಂದು ಬಕೆಟ್‌ನಲ್ಲಿ. ಅದೂ ನಂಬಿಕೇನಾ?”

ಮೇಡಂ ಮಂಚದ ಪಕ್ಕದಿಂದ ಎದ್ದರು.

ಮನೆಗೆ ಬಂದು ಹೇಳಿಕೆಯನ್ನು ತೆಗೆದರು. ಒಂದೇ ತೂಕದ ಕಲ್ಲು ಎಂಬ ಸಾಲನ್ನು ಕಾಗದ ಹರಿಯುವಂತೆ ಹೊಡೆದುಹಾಕಿದರು. ಹೊಸದಾಗಿ ಬರೆದರು: “ದೇವರು, ಆತ್ಮ, ಪುಣ್ಯಗಳ ಮಾತನ್ನು ನಂಬುವವರ ಮಾತೆಂದೇ ಹೇಳುತ್ತೇನೆ, ನಿಜ ಸುಳ್ಳು ಎನ್ನುವುದಿಲ್ಲ. ನಡೆದು, ಸಾಕ್ಷಿಯಿಂದ ತಿಳಿದದ್ದನ್ನು ನಡೆಯಿತೆಂದೇ ಹೇಳುತ್ತೇನೆ, ಅದು ಯಾವ ಮತದವರಿಗೆ ಕಹಿಯಾದರೂ. ಒಮ್ಮೆ ನಾನು ಎರಡನ್ನೂ ಕಲಸಿದೆ. ಅದು ತಟಸ್ಥತೆಯಾಗಿರಲಿಲ್ಲ. ಇಬ್ಬರು ವಿದ್ಯಾರ್ಥಿಗಳ ರಕ್ತ ತರಗತಿಯ ನೆಲಕ್ಕೆ ಬಿತ್ತು.”

ವಿಭಾಗದ ಮುಖ್ಯಸ್ಥರು ಓದಿ ತಲೆ ಚಚ್ಚಿಕೊಂಡರು. “ಏನಮ್ಮಾ ಇದು? ಮನೆ ಬಾಡಿಗೆಗೆ ಕೊಡೋರು ಸೋರೋ ಜಾಗಾನೇ ಮೊದಲು ತೋರಿಸ್ತಾರಾ? ಆಡಳಿತ ಮಂಡಳೀಲಿ ಮೇಲ್ಬೀದಿಯೋರು ಎಷ್ಟು ಜನ ಇದ್ದಾರೆ ಗೊತ್ತಿಲ್ವಾ? ಹಳೇ ಹಾಳೇನೇ ಕೊಡಿ. ಚೆನ್ನಾಗಿತ್ತು.”

“ಚೆನ್ನಾಗಿತ್ತು ಸಾರ್. ಅದಕ್ಕೇ ಸ್ಟೂಲು ಹಾರಿದ್ದು.”

“ಈ ಹುದ್ದೆ ಕೈತಪ್ಪಿದ್ರೆ ಮುಂದಿನ ವರ್ಷ ಅತಿಥಿಯಾಗಿ ಕರೆಯೋಕೂ ನನ್ನ ಕೈಲಾಗಲ್ಲ.”

“ಗೊತ್ತು ಸಾರ್” ಎಂದು ಮೇಡಂ ಹೊಸ ಹಾಳೆಯನ್ನೇ ಅರ್ಜಿಗೆ ಲಗತ್ತಿಸಿದರು.

ಹಾಳೆಯಲ್ಲಿದ್ದ ಮಾತು ಹೊರಗೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಬೆಳಗ್ಗೆ ಮನೆ ಬಾಗಿಲಿಗೆ ಸತ್ತ ಬೆಕ್ಕನ್ನು ತಂತಿಯಲ್ಲಿ ಬಿಗಿದಿದ್ದರು. ಅಕ್ಕ ಕತ್ತರಿಯಿಂದ ತಂತಿ ಕಡಿಯುತ್ತಾ, “ತಟಸ್ಥವಾಗಿರೋದು ಇಷ್ಟು ಗಲೀಜು ಕೆಲಸ ಅಂತ ಗೊತ್ತಿದ್ರೆ ನಿನ್ನನ್ನೂ ನರ್ಸಿಂಗ್‌ಗೇ ಸೇರಿಸ್ತಿದ್ದೆ ಕಣೇ” ಎಂದಳು. ಬೈದಳೋ ನಕ್ಕಳೋ ತಿಳಿಯಲಿಲ್ಲ.

ಸಂದರ್ಶನಕ್ಕೆ ಕರೆ ಬಂತು. ಮೊದಲು ಆಯ್ಕೆ ಸಮಿತಿಯ ಮುಂದೆ ಮಾದರಿ ಪಾಠ, ಆಮೇಲೆ ಪ್ರಶ್ನೆಗಳು. ಸಮಿತಿಯಲ್ಲಿ ಪ್ರಾಂಶುಪಾಲರು, ಮುಖ್ಯಸ್ಥರು, ಬೇರೆ ಊರಿನಿಂದ ಬಂದ ವಿಷಯತಜ್ಞೆ. ತಜ್ಞೆ ನರೆಗೂದಲಿನ ಹೆಂಗಸು, ಹೇಳಿಕೆಯ ಅಂಚಿನಲ್ಲೆಲ್ಲ ಪೆನ್ಸಿಲ್ ಗೀಟು ಎಳೆದಿಟ್ಟಿದ್ದರು. ಅವರು, “ಅವತ್ತು ಕೆಟ್ಟ ಪಾಠಾನೇ ಮತ್ತೆ ಮಾಡಿ, ನೋಡೋಣ” ಎಂದರು. ಪ್ರಾಂಶುಪಾಲರ ಮುಖ ಹುಳ್ಳಗಾಯಿತು.

ಮೇಡಂ ಶುರುಮಾಡಿದರು. “ಆ ದಿನ ಮಂದಿರಕ್ಕೆ ಬೀಗ ಜಡಿದು ಬೆಂಕಿ ಇಡಲಾಯಿತು. ಒಳಗಿದ್ದವರು ಸತ್ತರು. ಇದು ನಡೆದದ್ದು. ಇಟ್ಟವರು ಮೇಲ್ಬೀದಿಯ ಒಂದು ಗುಂಪು. ಆ ಬೀದಿಯವರೆಲ್ಲ ಇಟ್ಟರು ಅಂದರೆ ಅದು ಸುಳ್ಳು. ಇನ್ನು ಸತ್ತವರ ಆತ್ಮ ಕಾಯುತ್ತದೆ ಎಂದು ಕೆಳಬೀದಿಯ ಬಹಳ ಜನ ನಂಬುತ್ತಾರೆ, ಕೆಲವರು...”

ಕಿಟಕಿ ಗಾಜು ಸಿಡಿಯಿತು. ಮುಷ್ಟಿಗಾತ್ರದ ಕಲ್ಲು ಮೇಡಂ ಹಣೆಗೆ ಬಡಿದು ಸಮಿತಿಯ ಮೇಜಿನ ಮೇಲೆ ಉರುಳಿತು. ಎರಡನೆಯದು ನೀರಿನ ಜಗ್ಗನ್ನು ಚೂರು ಮಾಡಿತು. ಪ್ರಾಂಶುಪಾಲರು ಮೇಜಿನ ಕೆಳಗೆ ಇಳಿದುಬಿಟ್ಟರು. ಹೊರಗೆ ಬೂಟುಗಾಲಿನ ಓಟ, ಕೇಕೆ. ಮೇಡಂ ಎಡಗಣ್ಣಿನ ಮೇಲೆ ರಕ್ತ ಇಳಿದು ಸೀರೆಯ ಸೆರಗು ನೆನೆಯಿತು. ಅವರು ಗೋಡೆ ಹಿಡಿದು ನಿಂತರು.

“ಕಲ್ಲು ಬಂತು,” ಎಂದರು. “ಇದಕ್ಕೆ ಯಾರ ಪ್ರಕಾರ ಅನ್ನೋದೂ ಬೇಡ. ಯಾರು ಎಸೆದರು, ನಾನು ನೋಡಲಿಲ್ಲ. ನೋಡದೇ ಮೇಲ್ಬೀದಿಯವರು ಅನ್ನಲ್ಲ. ಯಾವ ದೇವರಿಗೋಸ್ಕರ ಎಸೆದರೋ, ಅದನ್ನ ಅವರನ್ನೇ ಕೇಳಿ, ಅವರ ಮಾತಲ್ಲೇ ಪಾಠ ಹೇಳ್ತೀನಿ.”

ಅಷ್ಟು ಹೇಳಿ ನೆಲಕ್ಕೆ ಬಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಹಣೆಗೆ ಹೊಲಿಗೆ ಹಾಕುವಾಗ ಅಕ್ಕ ಎರಡು ಕೈಯಿಂದ ತಂಗಿಯ ತಲೆ ಒತ್ತಿಹಿಡಿದಿದ್ದಳು. ಮುಖ್ಯಸ್ಥರು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಒದ್ದಾಡುತ್ತಿದ್ದರು. ಅಂಗಿಗೆ ಗಾಜಿನ ಪುಡಿ ಅಂಟಿತ್ತು.

“ಆದೇಶ ಬರೋದು ತಡ ಆಗುತ್ತೆ. ನಾನು ಹೇಳಬಾರದು, ಆದ್ರೂ ಹೇಳ್ತೀನಿ,” ಎಂದರು. “ತಜ್ಞೆ ನಿಮ್ಮ ಹೆಸರೇ ಬರೆದ್ರು. ಪ್ರಾಂಶುಪಾಲರು ಬೇಡ ಅಂದ್ರು. ಉಳಿದವನು ನಾನೊಬ್ಬ.”

ಮೇಡಂ ತುಟಿ ಅಲುಗಿಸಿದರು.

“ಅಲ್ಲಾಡಬೇಡ ಕಣೇ, ದಾರ ಕಿತ್ತುಹೋಗುತ್ತೆ,” ಎಂದು ಅಕ್ಕ ಗದರಿ, ಮುಖ್ಯಸ್ಥರ ಕಡೆ ತಿರುಗಿದಳು. “ನೀವು ಏನ್ ಬರೆದ್ರಿ ಸಾರ್? ತಟಸ್ಥ ಅಂತ ಬರೆದಿದ್ರೆ ಈಗ್ಲೇ ಹೊರಗೆ ನಡೀರಿ.”

“ಇಲ್ಲಮ್ಮ,” ಎಂದರು ಅವರು. “ಇವರೇ ಅಂತ ಬರೆದೆ.”